ಮೂವತ್ತು ಎಸೆತಕ್ಕೆ ಮೂವತ್ತು ರನ್ನು: ದರ ತಿರುಗಿದ ಬಗೆ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಲೋಕಸಭೆಯು 2025ರ ಆಗಸ್ಟ್ 20ರಂದೂ ರಾಜ್ಯಸಭೆಯು ಅದರ ಮರುದಿನವೂ ಅಂಗೀಕರಿಸಿದವು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕಾಯ್ದೆಯೇನೋ ಬಂತು. ಆದರೆ ಪಂದ್ಯ ನಡೆಯುತ್ತಿರುವಾಗಲೇ ಏರಿಳಿಯುವ ‘ದರ’ದ ಮಾತು ನಮ್ಮ ಪೇಟೆಗಳ ಚಾದಂಗಡಿಗಳಿಂದ ಮಾಯವಾಗಿಲ್ಲ. ಕಾಯ್ದೆಯ ಗುಣದೋಷಗಳನ್ನು ಬಲ್ಲವರು ಚರ್ಚಿಸಲಿ. ಮನೆಯ ಹುಡುಗನೊಬ್ಬ ಫೋನಿನಲ್ಲಿ ಆ ಅಂಕಿಯನ್ನು ನೋಡಿ, ‘ಇದು ಗೆದ್ದಾಯ್ತು’ ಎಂದು ಸಾಲದ ಹಣ ಕಟ್ಟುವನಲ್ಲ, ಆ ಅಂಕಿ ಹುಟ್ಟುವುದೆಲ್ಲಿ, ವಿಕೆಟು ಬಿದ್ದಾಗ ಅದು ಒಮ್ಮೆ ನೆಗೆದು ಇನ್ನೊಮ್ಮೆ ಅಲುಗದೆ ಕೂರುವುದೇಕೆ ಎಂಬುದು ತಂದೆತಾಯಿಗಳಿಗೆ ತಿಳಿದಿರಬೇಕಾದ ವಿಷಯ. ಕ್ರಿಕೆಟಿನ ಗಂಧವಿಲ್ಲದವರಿಗೂ ಶೇಕಡಾ ಲೆಕ್ಕ ಗೊತ್ತಿದ್ದರೆ ಸಾಕು.

ಮೊದಲು ದರದ ಭಾಷೆ. ಬಾಜಿ ಕಟ್ಟುವವರು ಗೆಲ್ಲುವ ಪಕ್ಷದ ದರವನ್ನು ಪೈಸೆಗಳಲ್ಲಿ ಹೇಳುತ್ತಾರೆ. ‘ಹತ್ತು ಪೈಸೆ’ ಎಂದರೆ ನೂರು ರೂಪಾಯಿ ಕಟ್ಟಿ ಗೆದ್ದವನಿಗೆ ಲಾಭ ಹತ್ತು ರೂಪಾಯಿ. ಸೋತರೆ ನೂರೂ ಹೋಯಿತು. ಹನ್ನೊಂದು ಸಲ ಹೀಗೆ ಕಟ್ಟಿ ಹತ್ತು ಸಲ ಗೆದ್ದು ಒಂದು ಸಲ ಸೋತವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ ಹತ್ತು ಪೈಸೆಯ ಒಳಗಿರುವ ಅರ್ಥ ‘ನೂರಕ್ಕೆ ಸುಮಾರು 91 ಸಲ ಈ ಪಕ್ಷ ಗೆಲ್ಲುವುದು’ ಎಂದು. ಎದುರು ಪಕ್ಷದ ಮೇಲೆ ನೂರು ಕಟ್ಟಿದರೆ ಆರುನೂರು ಲಾಭ ಎಂದು ಅದೇ ಅಂಗಡಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಅದು ಏಳರಲ್ಲಿ ಒಂದು, ಅಂದರೆ ನೂರಕ್ಕೆ 14. ಈಗ 91ಕ್ಕೆ 14 ಕೂಡಿಸಿ ನೋಡಿ, 105 ಆಗುತ್ತದೆ. ಎರಡೇ ಪಕ್ಷಗಳಿರುವಲ್ಲಿ ನೂರಾಗಬೇಕಾದ್ದು ನೂರೈದಾಯಿತು. ಆ ಐದು ಅಂಗಡಿಯವನ ತಕ್ಕಡಿಯ ಪಾಲು. ಪಂದ್ಯವನ್ನು ಎಷ್ಟೇ ಚೆನ್ನಾಗಿ ಬಲ್ಲವನಾದರೂ ಆಟಕ್ಕಿಳಿಯುವ ಮೊದಲೇ ಅಷ್ಟು ಹಿಂದೆ ಬಿದ್ದಿರುತ್ತಾನೆ.

ಇನ್ನು ಆ 91 ಎಂಬುದು ಬಂದದ್ದೆಲ್ಲಿಂದ? ಇದನ್ನು ಲೆಕ್ಕ ಮಾಡುವವರು ಪಂದ್ಯವನ್ನು ಕೊನೆಯಿಂದ ಹಿಂದಕ್ಕೆ ನೋಡುತ್ತಾರೆ. ಉಳಿದ ಎಸೆತ, ಬೇಕಾದ ರನ್ನು, ಕೈಯಲ್ಲಿರುವ ವಿಕೆಟು ಇವು ಮೂರನ್ನು ಸೇರಿಸಿ ಒಂದು ದೊಡ್ಡ ಪಟ್ಟಿ. ಒಂದೇ ಎಸೆತ ಉಳಿದಿರುವಾಗ ಗೆಲುವಿನ ಸಂಭವ ಎಷ್ಟೆಂದು ಮೊದಲು ಬರೆಯುವುದು. ಅದರ ಆಧಾರದಿಂದ ಎರಡು ಎಸೆತ ಉಳಿದಿರುವಾಗ ಎಷ್ಟೆಂದು. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಸ್ಕಾಟ್ ಬ್ರೂಕರ್ ಮತ್ತು ಶೇಮಸ್ ಹೋಗನ್ ಎಂಬವರು ಈ ಕ್ರಮದಿಂದ ಸಿದ್ಧಪಡಿಸಿದ ಲೆಕ್ಕವನ್ನು ಅಲ್ಲಿನ ಟೆಲಿವಿಷನ್ನಿನವರು 2012ರಲ್ಲಿ ಪರದೆಯ ಮೇಲೆ ತೋರಿಸತೊಡಗಿದರು. ಇಂದು ನಮ್ಮ ಪರದೆಗಳಲ್ಲಿ ಕಾಣುವ ಗೆಲುವಿನ ಶೇಕಡಾ ಅಂಕಿಗಳು ಅದೇ ಜಾತಿಯವು.

ಇದಕ್ಕೊಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. 2016ರ ಮಾರ್ಚ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ವಿರುದ್ಧ ಬಾಂಗ್ಲಾದೇಶಕ್ಕೆ ಕೊನೆಯ ಮೂರು ಎಸೆತಗಳಲ್ಲಿ ಎರಡು ರನ್ನು ಬೇಕಾಗಿತ್ತು. ಕೈಯಲ್ಲಿ ನಾಲ್ಕು ವಿಕೆಟುಗಳಿದ್ದವು. ಒಂದು ಎಸೆತದಲ್ಲಿ ರನ್ನೇ ಬಾರದಿರುವ ಸಂಭವ ನೂರಕ್ಕೆ 40 ಎಂದು ಊಹಿಸೋಣ. ಇಂಥ ಸಾವಿರ ಪಂದ್ಯಗಳಲ್ಲಿ ಮೊದಲ ಎಸೆತ ಬರಿದಾಗುವುದು 400ರಲ್ಲಿ, ಮೊದಲ ಎರಡೂ ಬರಿದಾಗುವುದು 160ರಲ್ಲಿ, ಮೂರೂ ಬರಿದಾಗುವುದು 64ರಲ್ಲಿ. ಒಂದೂ ರನ್ನು ಬಾರದೆ ಸೋಲುವ ಸಂಭವ ಹೀಗೆ ನೂರಕ್ಕೆ ಆರು ಚಿಲ್ಲರೆ. ಅಂದು ಆದದ್ದು ಅದೇ: ಇಬ್ಬರು ದಾಂಡಿಗರು ಎತ್ತಿ ಹೊಡೆಯಲು ಹೋಗಿ ಕ್ಯಾಚಿತ್ತರು, ಕೊನೆಯ ಎಸೆತಕ್ಕೆ ಧೋನಿ ಓಡಿ ಬಂದು ರನ್‌ಔಟ್ ಮಾಡಿದರು. ಭಾರತಕ್ಕೆ ಒಂದು ರನ್ನಿನ ಜಯ. ಲೆಕ್ಕ ತಪ್ಪಿತೆಂದು ಹೇಳಲಾಗದು. ಆರು ಚಿಲ್ಲರೆ ಎಂದರೆ ಸೊನ್ನೆಯಲ್ಲ. ಆದರೆ ನಾವು ಹಿಡಿದ 40 ಎಂಬುದು ಸರಾಸರಿ. ಒಂದೊಂದೇ ರನ್ನು ಸಾಕಾಗಿದ್ದಾಗ ಸಿಕ್ಸರಿಗೆ ಕೈಹಾಕುವ ಮನುಷ್ಯನ ಮನಸ್ಸು ಆ ಸರಾಸರಿಯೊಳಗೆ ಇರುವುದಿಲ್ಲ.

ಈಗ ಮುಖ್ಯ ಪಂದ್ಯಕ್ಕೆ ಬರೋಣ. 2024ರ ಜೂನ್ 29, ಬಾರ್ಬಡೋಸಿನ ಬ್ರಿಜ್‌ಟೌನ್, ವಿಶ್ವಕಪ್ಪಿನ ಅಂತಿಮ ಪಂದ್ಯ. ಭಾರತದ್ದು 7 ವಿಕೆಟಿಗೆ 176. ಬೆನ್ನಟ್ಟಿದ ದಕ್ಷಿಣ ಆಫ್ರಿಕಾಕ್ಕೆ ಆರು ಓವರುಗಳು ಉಳಿದಿದ್ದಾಗ 54 ರನ್ನು ಬೇಕಿತ್ತು, ಅಂದರೆ ಓವರಿಗೆ ಒಂಬತ್ತು. ಅಕ್ಷರ್ ಪಟೇಲ್ ಎಸೆದ ಹದಿನೈದನೆಯ ಓವರಿನಲ್ಲಿ 24 ರನ್ನು ಬಂದವು. ಆರೇ ಎಸೆತಗಳಲ್ಲಿ ಪ್ರಶ್ನೆಯೇ ಬದಲಾಯಿತು: 30 ಎಸೆತ, 30 ರನ್ನು, ಆರು ವಿಕೆಟು ಕೈಯಲ್ಲಿ, ಕ್ಲಾಸೆನ್ ಮತ್ತು ಮಿಲ್ಲರ್ ಕ್ರೀಸಿನಲ್ಲಿ. ಈ ಆಟದ ಕೊನೆಯ ಓವರುಗಳಲ್ಲಿ, ಕೈಯಲ್ಲಿ ವಿಕೆಟುಗಳಿರುವ ಪಕ್ಷ ಓವರಿಗೆ ಎಂಟು ಒಂಬತ್ತು ರನ್ನು ಮಾಡುವುದು ಸಾಮಾನ್ಯ. ಆರು ಮಾಡಿದರೆ ಸಾಕೆಂದಾಗ ಪಟ್ಟಿ ಏನು ಹೇಳಬೇಕೋ ಅದನ್ನೇ ಹೇಳುತ್ತದೆ. ದಕ್ಷಿಣ ಆಫ್ರಿಕಾದ ಗೆಲುವು ನೂರಕ್ಕೆ ತೊಂಬತ್ತರ ಆಚೆ.

ಮುಂದಿನ ನಾಲ್ಕು ಓವರುಗಳಲ್ಲಿ ಬಂದ ರನ್ನುಗಳು 4, 4, 2, 4. ಪ್ರತಿ ಓವರಿನ ಕೊನೆಗೆ ಬೇಕಾಗಿದ್ದ ಸರಾಸರಿಯನ್ನು ನೋಡಿ. ಆರು ಇದ್ದದ್ದು ಮೊದಲು ಆರೂವರೆ ಆಯಿತು, ಆಮೇಲೆ ಏಳು ಚಿಲ್ಲರೆ, ಆಮೇಲೆ ಹತ್ತು, ಕೊನೆಗೆ ಹದಿನಾರು. ಮೊದಲ ಎರಡು ಓವರುಗಳಲ್ಲಿ ಅದು ಏರಿದ್ದು ಒಂದೂಕಾಲಿನಷ್ಟು ಮಾತ್ರ. ಕೊನೆಯ ಎರಡರಲ್ಲಿ ಎಂಟೂವರೆಗಿಂತ ಹೆಚ್ಚು. ಕಾರಣ ಸರಳ ಭಾಗಾಕಾರ: ಭಾಜಕ ಚಿಕ್ಕದಾದಂತೆ ಒಂದು ಬರಿಯ ಎಸೆತದ ತೂಕ ಹೆಚ್ಚುತ್ತ ಹೋಗುತ್ತದೆ. ಹಾಗಾಗಿ ಬೇಕಾದ ಸರಾಸರಿಯೊಂದನ್ನೇ ನೋಡುವವನಿಗೆ ಅಪಾಯ ತಡವಾಗಿ ತಿಳಿಯುತ್ತದೆ. 18 ಎಸೆತಕ್ಕೆ 22 ಎಂದು ಪರದೆ ತೋರಿಸಿದಾಗ ಅದು ಕಷ್ಟವಾಗಿ ಕಾಣುವುದೇ ಇಲ್ಲ.

ಆದರೆ ದರ ಅಷ್ಟು ಹೊತ್ತು ಕಾಯಲಾರದು, ಏಕೆಂದರೆ ನಡುವೆ ಒಂದು ವಿಕೆಟು ಬಿದ್ದಿತ್ತು. ಹದಿನೇಳನೆಯ ಓವರಿನ ಮೊದಲ ಎಸೆತ. ಅದಕ್ಕೆ ಮುಂಚೆ ಪಂತರ ಮೊಣಕಾಲಿನ ಚಿಕಿತ್ಸೆಗೆಂದು ಆಟ ಸ್ವಲ್ಪ ಹೊತ್ತು ನಿಂತಿತ್ತು. ಹಾರ್ದಿಕ್ ಪಾಂಡ್ಯರ ಎಸೆತವನ್ನು ಕ್ಲಾಸೆನ್ ಪಂತರ ಕೈಗೇ ತಾಗಿಸಿ, 27 ಎಸೆತಕ್ಕೆ 52 ಮಾಡಿ ಹೊರಟರು. ಈಗ 23 ಎಸೆತಕ್ಕೆ 26.

ಇಲ್ಲಿಯೇ ವಿಷಯದ ತಿರುಳಿದೆ. ಒಂದು ವಿಕೆಟಿನ ಬೆಲೆ ಎಲ್ಲ ಹೊತ್ತಿಗೂ ಒಂದೇ ಅಲ್ಲ. ಮಳೆ ಬಂದ ಪಂದ್ಯಗಳಿಗೆ ಡಕ್ವರ್ತ್ ಮತ್ತು ಲೂಯಿಸರು ಮಾಡಿದ, ಮುಂದೆ ಸ್ಟರ್ನರು ತಿದ್ದಿದ ಕೋಷ್ಟಕದ ತತ್ತ್ವವೂ ಇದೇ: ಓವರುಗಳೂ ವಿಕೆಟುಗಳೂ ಒಂದೇ ಕಣಜದ ಎರಡು ಧಾನ್ಯಗಳು. ಹದಿನೈದು ಓವರುಗಳು ಉಳಿದಿರುವಾಗ ವಿಕೆಟು ಕಳೆದುಕೊಂಡವನು ಉಳಿದ ಕಾಲವೆಲ್ಲ ಕೈ ಬಿಗಿಹಿಡಿದು ಆಡಬೇಕು, ನಷ್ಟ ದೊಡ್ಡದು. ನಾಲ್ಕು ಓವರುಗಳು ಉಳಿದಿರುವಾಗ ಆರು ವಿಕೆಟು ಐದಾದರೆ ಕೋಷ್ಟಕದ ಮಟ್ಟಿಗೆ ಹೆಚ್ಚೇನೂ ಆಗಲಿಲ್ಲ, ಅಷ್ಟನ್ನು ಖರ್ಚು ಮಾಡಲು ಎಸೆತಗಳೇ ಇಲ್ಲವಲ್ಲ! ಮದುವೆ ಊಟ ಮುಗಿಯುವ ಹೊತ್ತಿಗೆ ಉಳಿದ ಒಂದು ಮೂಟೆ ಅಕ್ಕಿಗೆ ಯಾರು ಅಳುತ್ತಾರೆ?

ಹಾಗಿದ್ದರೂ ಆ ವಿಕೆಟು ಪಂದ್ಯವನ್ನು ತಿರುಗಿಸಿತು. ಕೋಷ್ಟಕ ಎಣಿಸುವುದು ತಲೆಗಳನ್ನು. ಯಾರ ತಲೆ ಎಂಬುದನ್ನಲ್ಲ. ಕಾಗದದ ಮೇಲೆ ಐದು ವಿಕೆಟು ಉಳಿದಿದ್ದರೂ ನಿಜವಾದ ದಾಂಡಿಗರೆಂದರೆ ಮಿಲ್ಲರ್ ಒಬ್ಬರೇ. ಅವರ ಜತೆಗೆ ಬರಬೇಕಾದ ಯಾನ್ಸೆನ್, ಮಹಾರಾಜ್, ರಬಾಡ ಮೊದಲಾದವರು ಮುಖ್ಯವಾಗಿ ಬೌಲರುಗಳು. ಹೊಸಬನಿಗೆ ಕಣ್ಣು ಕೂಡಲು ನಾಲ್ಕಾರು ಎಸೆತ ಬೇಕು; 23ರಲ್ಲಿ ಅಷ್ಟು ಹೋದರೆ ಉಳಿಯುವುದೆಷ್ಟು? ಇನ್ನೊಂದು ಕಡೆ, ಬೂಮ್ರಾರ ಒಂದು ಓವರು ಇನ್ನೂ ಬಾಕಿ ಇತ್ತು. ಅವರು ಅಂದು ನಾಲ್ಕು ಓವರುಗಳಲ್ಲಿ ಕೊಟ್ಟದ್ದು 18 ರನ್ನು ಮಾತ್ರ. ಪಟ್ಟಿ ಮುಂದಿನ ಓವರುಗಳನ್ನೆಲ್ಲ ಸರಾಸರಿ ಬೌಲರನ ಓವರುಗಳೆಂದು ಹಿಡಿಯುತ್ತದೆ. ಬೂಮ್ರಾರ ಓವರಿಗೆ ನಾಲ್ಕು ಎಂದು ತೆಗೆದಿಟ್ಟರೆ, 18 ಎಸೆತಕ್ಕೆ 22 ಎಂಬುದು ವಾಸ್ತವದಲ್ಲಿ 12 ಎಸೆತಕ್ಕೆ 18. ಓವರಿಗೆ ಏಳು ಚಿಲ್ಲರೆ ಎಂದು ಕಂಡದ್ದು ಒಂಬತ್ತಾಗುತ್ತದೆ. ಸಂತೆಯ ದರವನ್ನು ಕಟ್ಟುವ ಚತುರರು ಈ ವ್ಯವಕಲನವನ್ನು ಮಾಡಿಯೇ ಇರುತ್ತಾರೆ. ಫೋನು ಹಿಡಿದ ಹುಡುಗ ಮಾಡಿರುವುದಿಲ್ಲ. ಪರದೆಯ ಶೇಕಡಾ ಒಂದು, ಸಂತೆಯ ದರ ಇನ್ನೊಂದು ಎಂದು ಕಂಡಾಗ ಅವನು ‘ಸುಲಭದ ಹಣ’ ಎಂದುಕೊಳ್ಳುತ್ತಾನೆ.

ಬೂಮ್ರಾ ಆ ಓವರಿನಲ್ಲಿ ಯಾನ್ಸೆನರನ್ನು ಬೌಲ್ಡ್ ಮಾಡಿ ಎರಡೇ ರನ್ನು ಕೊಟ್ಟರು. ಅರ್ಶ್‌ದೀಪ್ ನಾಲ್ಕು ಕೊಟ್ಟರು. ಕೊನೆಯ ಓವರಿಗೆ 16 ಬೇಕು. ಈಗ ವಿಕೆಟುಗಳ ಸಂಖ್ಯೆಗೆ ಬೆಲೆಯೇ ಇಲ್ಲ, ಒಂದೊಂದು ಎಸೆತಕ್ಕೇ ಬೆಲೆ. ಹೀಗಿದ್ದೂ ದಕ್ಷಿಣ ಆಫ್ರಿಕಾ ಮುಗಿದೇಹೋಯಿತೆಂದು ಹೇಳುವಂತಿರಲಿಲ್ಲ: 2016ರ ಏಪ್ರಿಲ್ 3ರಂದು ಕೋಲ್ಕತ್ತದಲ್ಲಿ ವೆಸ್ಟ್ ಇಂಡೀಸಿಗೆ ಕೊನೆಯ ಓವರಿನಲ್ಲಿ 19 ಬೇಕಾಗಿದ್ದಾಗ ಬ್ರಾತ್‌ವೇಟ್ ಮೊದಲ ನಾಲ್ಕು ಎಸೆತಗಳನ್ನೂ ಸಿಕ್ಸರಿಗಟ್ಟಿ ವಿಶ್ವಕಪ್ಪನ್ನೇ ಎತ್ತಿಕೊಟ್ಟಿದ್ದರು.

ಬ್ರಿಜ್‌ಟೌನಿನ ಕೊನೆಯ ಓವರಿನ ಮೊದಲ ಎಸೆತವನ್ನು ಮಿಲ್ಲರ್ ಎತ್ತಿ ಹೊಡೆದರು. ಅದು ಗೆರೆ ದಾಟಿದ್ದರೆ 5 ಎಸೆತಕ್ಕೆ 10. ಪಂದ್ಯ ಮತ್ತೆ ತೆರೆದುಕೊಳ್ಳುತ್ತಿತ್ತು. ಸೂರ್ಯಕುಮಾರ್ ಗೆರೆಯ ಅಂಚಿನಲ್ಲಿ ಹಿಡಿದು, ಮೇಲೆಸೆದು, ಆಚೆ ಹೋಗಿ ಮರಳಿ ಬಂದು ಹಿಡಿದರು: 5 ಎಸೆತಕ್ಕೆ 16, ಮಿಲ್ಲರ್ ಇಲ್ಲ. ಎರಡು ಸ್ಥಿತಿಗಳ ನಡುವಿನ ಅಂತರ ಒಂದು ಹೆಜ್ಜೆ. ಎಸೆತಕ್ಕೆ ಮುಂಚಿನ ದರವೆಂಬುದು ಇಂಥ ಹಲವು ಸಾಧ್ಯತೆಗಳನ್ನು ಅವುಗಳ ಸಂಭವದಿಂದ ತೂಗಿ ಕೂಡಿಸಿದ ಮೊತ್ತ. ಅಂತಿಮವಾಗಿ ದಕ್ಷಿಣ ಆಫ್ರಿಕಾ 8 ವಿಕೆಟಿಗೆ 169ರಲ್ಲಿ ನಿಂತು ಏಳು ರನ್ನುಗಳಿಂದ ಸೋತಿತು.

ಮೂರನೆಯ ಅಂಪೈರರು ಆ ಕ್ಯಾಚನ್ನು ಪರದೆಯಲ್ಲಿ ತಿರುಗಿಸಿ ನೋಡುವಂಥ ಹೊತ್ತಿನಲ್ಲಿ ಬಾಜಿಯ ಸಂತೆಗಳು ಬಾಗಿಲು ಹಾಕಿಕೊಳ್ಳುತ್ತವೆ. ಮತ್ತೆ ತೆರೆಯುವಾಗ ದರ ಹೊಸದು. ನಮ್ಮ ಫೋನುಗಳಿಗೆ ಚಿತ್ರ ಬರುವುದು ಮೈದಾನದಲ್ಲಿ ಆದ ಎಷ್ಟೋ ಸೆಕೆಂಡುಗಳ ನಂತರ. ಇಲ್ಲಿನ ಹುಡುಗ ಚೆಂಡು ಗಾಳಿಯಲ್ಲಿರುವುದನ್ನು ಕಾಣುವಾಗ ಅಲ್ಲಿ ಅದು ಯಾರದೋ ಕೈ ಸೇರಿಯಾಗಿರುತ್ತದೆ. ಅವನಿಗೆ ಲಾಭವಾಗುವ ಹಳೆಯ ದರಕ್ಕೆ ಕಟ್ಟಹೋದರೆ ‘ದರ ಬದಲಾಗಿದೆ’ ಎಂಬ ಉತ್ತರ ಬರುತ್ತದೆ. ಅವನಿಗೆ ನಷ್ಟವಾಗುವ ದರವಾದರೆ, ಕಟ್ಟಿದ್ದು ಕೂಡಲೇ ಸ್ವೀಕೃತವಾಗುತ್ತದೆ.