ಪಾರ್ಲರ್ ಅಕ್ಕನಿಗೆ ಕಳಿಸುವ ಮೆಸೇಜಿನಲ್ಲಿ ಏನಿರಬೇಕು?

ಹೊಸನಗರ ಕಡೆಯ ನಮ್ಮ ಗೆಳತಿಯೊಬ್ಬಳ ತಂಗಿಯ ಮದುವೆ ಹತ್ತಿರ ಬಂದಿತ್ತು. ಮನೆಯವರೆಲ್ಲ ಕೂದಲು ಸ್ಟ್ರೇಟ್ನಿಂಗ್ ಮಾಡಿಸುವ ಮಾತಾಡಿಕೊಂಡಿದ್ದರು. ಇವಳಿಗೋ ನೆತ್ತಿಯ ಚರ್ಮ ಬಹಳ ಸೂಕ್ಷ್ಮ. ಹಿಂದೊಮ್ಮೆ ಕಪ್ಪು ಡೈ ಹಚ್ಚಿಸಿಕೊಂಡು ಕಿವಿಯ ಹಿಂದೆಲ್ಲ ನೀರುಗುಳ್ಳೆ ಎದ್ದಿತ್ತು. ಪೇಟೆಯ ಪಾರ್ಲರ್‌ನವರು ಪರಿಚಯದವರೇ, ದಾಕ್ಷಿಣ್ಯ ಬೇರೆ. ಹಾಗಾಗಿ ವಾಟ್ಸ್ಯಾಪಿನಲ್ಲಿ ಹೀಗೆ ಬರೆದಳು: "ಅಕ್ಕಾ, ನನ್ನ ತಲೆ ಸ್ವಲ್ಪ ಸೆನ್ಸಿಟಿವ್. ಸ್ಟ್ರಾಂಗ್ ಕೆಮಿಕಲ್ ಹಾಕ್ಬೇಡಿ, ಪ್ಲೀಸ್."

ಉತ್ತರ ಎರಡೇ ನಿಮಿಷದಲ್ಲಿ ಬಂತು: "ಚಿಂತೆ ಮಾಡ್ಬೇಡ, ನಮ್ದು ಆರ್ಗ್ಯಾನಿಕ್. ಕೆರಾಟಿನ್ ಹಾಕ್ತೀನಿ, ಏನೂ ಆಗಲ್ಲ."

ಅಕ್ಕ ಸುಳ್ಳು ಹೇಳಿದ್ದಾರೆ ಎಂದು ನಮಗೆ ಅನ್ನಿಸಲಿಲ್ಲ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇದ್ದದ್ದನ್ನು ಅವರು ನಂಬಿದ್ದಾರೆ. ತೊಂದರೆ ಇರುವುದು ಪ್ರಶ್ನೆಯಲ್ಲಿ. "ಸ್ಟ್ರಾಂಗ್ ಕೆಮಿಕಲ್" ಎಂಬ ಹೆಸರಿನ ವಸ್ತು ಯಾವ ಡಬ್ಬದಲ್ಲೂ ಇರುವುದಿಲ್ಲ. ಹಾಗೆ ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಮೆಸೇಜು ಎಷ್ಟು ವಿನಯದಿಂದ ಬೇಕಾದರೂ ಇರಲಿ, ಅದರಲ್ಲಿ ವಸ್ತುವಿನ ಹೆಸರು ಇರಬೇಕು ಎಂಬುದು ನಮ್ಮ ವಾದ.

ನಮ್ಮ ಕಡೆ ಇದಕ್ಕೆ ಇಷ್ಟು ಬೇಡಿಕೆ ಯಾಕೆ ಅಂತ ಮೊದಲು ನೋಡೋಣ. ಕೂದಲನ್ನು ಬಿಸಿ ಇಸ್ತ್ರಿಯಲ್ಲಿ ಎಳೆದರೆ ಒಂದು ದಿನದ ಮಟ್ಟಿಗೆ ನೆಟ್ಟಗಾಗುತ್ತದೆ. ಆದರೆ ಅದು ಹಿಡಿದಿರುವುದು ಕೂದಲೊಳಗಿನ ಸಣ್ಣ ಬಂಧಗಳಿಂದ, ನೀರು ಸೋಕಿದರೆ ಅವು ಬಿಟ್ಟುಹೋಗುತ್ತವೆ. ಆಗುಂಬೆ, ಹುಲಿಕಲ್ ಸುತ್ತಿನ ಮಳೆಗಾಲದಲ್ಲಿ ಕಟ್ಟಿಗೆಯೇ ಒಣಗುವುದಿಲ್ಲ, ಇನ್ನು ಇಸ್ತ್ರಿ ಮಾಡಿದ ಕೂದಲು ನಿಲ್ಲುತ್ತದೆಯೇ? ಕಾಲೇಜಿಗೆ ಬಸ್ ಹತ್ತುವಷ್ಟರಲ್ಲಿ ಮತ್ತೆ ಸುರುಳಿ. ಅದಕ್ಕೇ ತಿಂಗಳುಗಟ್ಟಲೆ ಉಳಿಯುವಂಥದ್ದು ಬೇಕು ಅನ್ನಿಸುತ್ತದೆ. ಹಾಗೆ ಉಳಿಯಬೇಕಾದರೆ ನೀರಿಗೆ ಬಗ್ಗದ ಗಟ್ಟಿ ಬಂಧವನ್ನೇ ಮುರಿಯಬೇಕು, ಇಲ್ಲವೇ ಕೂದಲೊಳಗೆ ಹೊಸ ಬಂಧ ಕಟ್ಟಬೇಕು. ಅದು ಎಣ್ಣೆ, ಲೋಳೆಸರದಿಂದ ಆಗುವ ಕೆಲಸವಲ್ಲ. ಹಾಗಾಗಿ ತಿಂಗಳುಗಟ್ಟಲೆ ನಿಲ್ಲುವ "ಆರ್ಗ್ಯಾನಿಕ್" ಸ್ಟ್ರೇಟ್ನಿಂಗ್ ಎಂದು ಯಾರಾದರೂ ಹೇಳಿದರೆ, ಡಬ್ಬ ತೋರಿಸಿ ಅನ್ನುವುದೇ ಸರಿ.

ಡಬ್ಬದಲ್ಲಿ ಏನಿರುತ್ತದೆ? ಹೆಸರುಗಳು ಬೇಕಾದಷ್ಟಿವೆ: ರೀಬಾಂಡಿಂಗ್, ಸ್ಮೂದನಿಂಗ್, ಕೆರಾಟಿನ್, ಹೇರ್ ಬೊಟಾಕ್ಸ್, ನ್ಯಾನೋಪ್ಲಾಸ್ಟಿಯಾ. ಒಳಗಿನ ದಾರಿ ಹೆಚ್ಚಾಗಿ ಮೂರೇ.

ಮೊದಲನೆಯದು ರೀಬಾಂಡಿಂಗ್. ಇದರ ಕ್ರೀಮಿನಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ವಸ್ತು ಇರುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಅದೇ ಅಂತ ತಿಳಿಯಬಹುದು. ಕೂದಲಿನ ಪ್ರೋಟೀನನ್ನು ಹಿಡಿದಿಟ್ಟಿರುವ ಗಂಧಕದ ಸೇತುವೆಗಳನ್ನು ಇದು ಕಡಿಯುತ್ತದೆ. ಆಮೇಲೆ ಇಸ್ತ್ರಿ ಎಳೆದು, ನ್ಯೂಟ್ರಲೈಸರ್ ಹಾಕಿ, ನೆಟ್ಟಗಾದ ರೂಪದಲ್ಲೇ ಸೇತುವೆ ಮತ್ತೆ ಕೂಡುವಂತೆ ಮಾಡುತ್ತಾರೆ. ಕೈಕಾಲಿನ ರೋಮ ತೆಗೆಯುವ ಕ್ರೀಮಿನಲ್ಲಿ ಕೆಲಸ ಮಾಡುವುದೂ ಇದೇ ಜಾತಿಯ ವಸ್ತು, ಅಲ್ಲಿ ಇನ್ನಷ್ಟು ಖಾರ ಮಾಡಿರುತ್ತಾರೆ ಅಷ್ಟೇ. ಹಾಗಾಗಿ ನೆತ್ತಿಗೆ ತಾಗಿದರೆ, ಹೆಚ್ಚು ಹೊತ್ತು ಬಿಟ್ಟರೆ, ಚರ್ಮ ಸುಡುವುದೂ ಕೂದಲು ಬುಡದಲ್ಲೇ ತುಂಡಾಗುವುದೂ ಆಶ್ಚರ್ಯವಲ್ಲ.

ಎರಡನೆಯದು ಹಳೆಯ ಬಗೆಯ ಕೆರಾಟಿನ್. ಹೆಸರು ಪ್ರೋಟೀನಿನದ್ದು, ನೆಟ್ಟಗೆ ಮಾಡುವುದು ಮಾತ್ರ ಫಾರ್ಮಾಲ್ಡಿಹೈಡ್. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಕೆಡದಂತೆ ಇಡುವ ಫಾರ್ಮಾಲಿನ್ ನೋಡಿದ್ದೀರಲ್ಲ, ಅದೇ. ಡಬ್ಬದಲ್ಲಿ ಇದು ಮಿಥಿಲೀನ್ ಗ್ಲೈಕಾಲ್ ಎಂಬ ಹೆಸರಿನಲ್ಲೂ ಇರಬಹುದು. ಇಸ್ತ್ರಿಯ ಬಿಸಿಗೆ ಅದು ಆವಿಯಾಗಿ ಕಣ್ಣು, ಮೂಗು, ಗಂಟಲು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ ಪಾರ್ಲರ್‌ಗಳಲ್ಲಿ ಗಾಳಿ ಪರೀಕ್ಷಿಸಿದಾಗ, "ಫಾರ್ಮಾಲ್ಡಿಹೈಡ್ ಇಲ್ಲ" ಎಂದು ಬರೆದಿದ್ದ ಸರಕು ಬಳಸಿದ ಕಡೆಯೂ ಅದು ಸಿಕ್ಕಿತ್ತು.

ಮೂರನೆಯದು ಈಗ ಓಡುತ್ತಿರುವುದು, "ಫಾರ್ಮಾಲಿನ್ ಫ್ರೀ" ಎಂಬ ಹೆಸರಿನಲ್ಲಿ. ಇಂಥ ಅನೇಕ ಕ್ರೀಮುಗಳಲ್ಲಿ ಇರುವುದು ಗ್ಲೈಆಕ್ಸಿಲಿಕ್ ಆಸಿಡ್. ಇದರ ಬಗ್ಗೆ ಒಂದು ಪ್ರಕರಣ ಹೇಳಲೇಬೇಕು. ಫ್ರಾನ್ಸಿನಲ್ಲಿ 26 ವರ್ಷದ ಹೆಣ್ಣುಮಗಳೊಬ್ಬಳಿಗೆ 2020, 2021, 2022ರಲ್ಲಿ ಒಟ್ಟು ಮೂರು ಸಲ ಕಿಡ್ನಿ ತೊಂದರೆ ಕಾಣಿಸಿಕೊಂಡಿತು. ಪ್ರತಿ ಸಲವೂ ವಾಂತಿ, ಭೇದಿ, ಜ್ವರ, ಬೆನ್ನುನೋವು. ವೈದ್ಯರು ಕೆದಕಿ ಕೇಳಿದಾಗ ತಿಳಿದದ್ದು, ಮೂರೂ ಸಲ ಕಾಯಿಲೆ ಬಂದದ್ದು ಸ್ಟ್ರೇಟ್ನಿಂಗ್ ಮಾಡಿಸಿದ ದಿನವೇ. ಪ್ರತಿ ಸಲವೂ ಕ್ರೀಮ್ ಹಚ್ಚುವಾಗ ನೆತ್ತಿ ಉರಿದಿತ್ತು, ಹುಣ್ಣಾಗಿತ್ತು. ಆ ಕ್ರೀಮಿನಲ್ಲಿ ಶೇ. 10ರಷ್ಟು ಗ್ಲೈಆಕ್ಸಿಲಿಕ್ ಆಸಿಡ್ ಇತ್ತು. ವೈದ್ಯರು ಅದೇ ಕ್ರೀಮನ್ನು ಇಲಿಗಳ ಬೆನ್ನಿಗೆ ಹಚ್ಚಿ ನೋಡಿದರು, ಇಲಿಗಳ ಕಿಡ್ನಿಯಲ್ಲಿ ಆಕ್ಸಲೇಟ್ ಹರಳುಗಳು ಸಿಕ್ಕಿದವು. 2024ರ ಮಾರ್ಚಿನಲ್ಲಿ ಇದು ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಸ್ರೇಲಿನ ವೈದ್ಯರು ಅದಕ್ಕೂ ಮೊದಲೇ ಇಂಥ 26 ರೋಗಿಗಳ ವಿವರ ಕೊಟ್ಟಿದ್ದರು.

ಆಕ್ಸಲೇಟ್ ಹರಳು ನಮಗೇನೂ ಹೊಸದಲ್ಲ. ಕೆಸುವಿನ ಎಲೆಗೆ ಹುಣಸೆಹುಳಿ ಕಡಿಮೆಯಾದರೆ ಪತ್ರೊಡೆ ತಿಂದವರ ಗಂಟಲು ಕೆರೆಯುತ್ತದಲ್ಲ, ಅಲ್ಲಿ ಚುಚ್ಚುವ ಸೂಜಿಗಳೂ ಆಕ್ಸಲೇಟಿನ ಹರಳುಗಳೇ. ಆ ಜಾತಿಯ ಹರಳು ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡರೆ ಹೇಗಿರಬಹುದು ಎಂದು ಊಹಿಸಿ. ಮಾಡಿಸಿದ ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಮೊದಲೇ ಕೆರೆದು ಗಾಯವಾದ, ಹೊಟ್ಟು ಹೆಚ್ಚಾಗಿ ಕೆಂಪಾದ ನೆತ್ತಿ ಗಟ್ಟಿ ಬೇಲಿಯಲ್ಲ, ಅದರ ಮೂಲಕ ಒಳಗೆ ಇಳಿಯುವುದು ಸುಲಭ. ಸೂಕ್ಷ್ಮ ನೆತ್ತಿಯವರು ಬೇರೆಯವರಿಗಿಂತ ಒಂದು ಪ್ರಶ್ನೆ ಹೆಚ್ಚು ಕೇಳಬೇಕಾದದ್ದು ಇದಕ್ಕೇ.

ಇದೆಲ್ಲ ಮಾತಾಡಿದ ಮೇಲೆ ಗೆಳತಿ ಎರಡನೆಯ ಮೆಸೇಜು ಬರೆದಳು. ಅವಳ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇವೆ:

"ಅಕ್ಕಾ, ನಮಸ್ಕಾರ. ನಿಮ್ಮ ಕೈಕೆಲಸ ನನಗೆ ಇಷ್ಟ, ಬರೋದು ನಿಮ್ಮಲ್ಲಿಗೇ. ಆದ್ರೆ ನನ್ನ ನೆತ್ತಿ ಚರ್ಮ ಸೂಕ್ಷ್ಮ, ಹಿಂದೆ ಡೈ ಹಚ್ಚಿದಾಗ ಗುಳ್ಳೆ ಎದ್ದಿತ್ತು. ಅದಕ್ಕೆ ಥಯೋಗ್ಲೈಕೊಲೇಟ್, ಫಾರ್ಮಾಲ್ಡಿಹೈಡ್, ಮಿಥಿಲೀನ್ ಗ್ಲೈಕಾಲ್, ಗ್ಲೈಆಕ್ಸಿಲಿಕ್ ಆಸಿಡ್ ಇರೋ ಯಾವ ಕ್ರೀಮೂ ನನಗೆ ಬೇಡ. ಬೇರೆ ಏನಾದ್ರೂ ಹಾಕೋದಾದ್ರೆ ಡಬ್ಬದ ಹಿಂಬದಿಯ ಫೋಟೊ ಮೊದಲೇ ಕಳಿಸ್ತೀರಾ? ಮದುವೆ ದಿನಕ್ಕೆ ಬರೀ ಬ್ಲೋ ಡ್ರೈ ಮಾಡಿ, ಬುಡ ಬಿಟ್ಟು ಇಸ್ತ್ರಿ ಎಳೆದ್ರೆ ಸಾಕು. ನಡುವೆ ಉರಿ ಅಂದ್ರೆ ದಯವಿಟ್ಟು ಕೂಡಲೇ ನಿಲ್ಲಿಸಿ. ಬೇಜಾರು ಮಾಡ್ಕೋಬೇಡಿ."

ಡಬ್ಬದ ಹಿಂಬದಿಯ ಫೋಟೊ ಕೇಳುವುದು ಅಧಿಕಪ್ರಸಂಗವಲ್ಲ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಸೌಂದರ್ಯ ಸಾಮಗ್ರಿಯ ಮೇಲೆ ಒಳಗಿನ ವಸ್ತುಗಳ ಪಟ್ಟಿ ಇರಬೇಕು. ಅಕ್ಷರ ಸಾಸಿವೆಯಷ್ಟು ಸಣ್ಣದಿರುತ್ತದೆ, ಫೋಟೊ ತೆಗೆದು ಮೊಬೈಲಿನಲ್ಲಿ ದೊಡ್ಡದು ಮಾಡಿದರೆ ಓದಬಹುದು. ಪಟ್ಟಿಯೇ ಇಲ್ಲದ ಡಬ್ಬ, ದೊಡ್ಡ ಕ್ಯಾನಿನಿಂದ ಬಾಟಲಿಗೆ ಬಗ್ಗಿಸಿಟ್ಟ ಕ್ರೀಮ್ ಇದ್ದರೆ ಅಲ್ಲಿಗೇ ಬೇಡ ಅನ್ನಿ.

ಇಷ್ಟಾದರೂ ಯಾರಾದರೂ ಮಾಡಿಸಿಯೇ ತೀರುತ್ತೇವೆ ಎಂದರೆ ಪ್ಯಾಚ್ ಟೆಸ್ಟ್ ಕೇಳಿ. ಕಿವಿಯ ಹಿಂದೆ ಚೂರು ಹಚ್ಚಿ, ಡಬ್ಬದಲ್ಲಿ ಹೇಳಿದಷ್ಟೇ ನಿಮಿಷ ಬಿಟ್ಟು ತೊಳೆದು, 48 ಗಂಟೆ ಕಾಯಬೇಕು. ಅಲರ್ಜಿ ತಕ್ಷಣ ಏಳುವುದಿಲ್ಲ, ಎರಡನೆಯ ದಿನ ಏಳಬಹುದು. ಹಾಗಾಗಿ ಕುರ್ಚಿಯಲ್ಲಿ ಕೂರಿಸಿ ಐದು ನಿಮಿಷದಲ್ಲಿ ಮುಗಿಸುವ ಟೆಸ್ಟಿಗೆ ಅರ್ಥವಿಲ್ಲ. ಇದಕ್ಕೂ ಮಿತಿಯಿದೆ: ಕಿವಿಯ ಹಿಂದಿನ ಒಂದು ಹನಿ ಕಿಡ್ನಿಯ ವಿಷಯ ಏನೂ ಹೇಳುವುದಿಲ್ಲ.

ಇನ್ನು "ಸ್ವಲ್ಪ ಉರಿಯುತ್ತೆ, ತಡ್ಕೊ, ಆಗ್ಲೇ ಚೆನ್ನಾಗಿ ಹಿಡಿಯೋದು" ಎಂಬ ಮಾತು. ಇದನ್ನು ನಾವು ಒಪ್ಪುವುದೇ ಇಲ್ಲ. ಕೂದಲಿಗೆ ನೋವಿಲ್ಲ, ಉರಿಯುವುದು ಚರ್ಮ. ಕ್ರೀಮ್ ಹೋಗಬಾರದ ಜಾಗಕ್ಕೆ ಹೋಗಿದೆ ಎಂಬುದಷ್ಟೇ ಉರಿಯ ಅರ್ಥ.

ಇಂಥ ಮೆಸೇಜು ಬಂದರೆ ಪಾರ್ಲರ್‌ನವರಿಗೆ ಬೇಸರವಾಗುತ್ತದೆ, ಗಿರಾಕಿ ತಪ್ಪುತ್ತದೆ ಎನ್ನುವವರಿದ್ದಾರೆ. ನಮಗೆ ಕಾಣುವುದು ಬೇರೆ. ಗಿರಾಕಿ ಆ ಆವಿ ಕುಡಿಯುವುದು ವರ್ಷಕ್ಕೊಂದು ಸಲ. ಮದುವೆ ಸೀಸನ್ನಿನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದ ಸಣ್ಣ ಕೋಣೆಯಲ್ಲಿ ದಿನವಿಡೀ ನಿಂತು ಕುಡಿಯುವವರು ಆ ಅಕ್ಕನೇ. ಗ್ಲೌಸ್ ಇಲ್ಲದೆ ಕ್ರೀಮ್ ಕಲಸಿ ಬೆರಳು ಸಿಪ್ಪೆ ಏಳುವುದೂ ಅವರದೇ. ಅವರಿಗೆ ಡಬ್ಬ ಮಾರುವ ಏಜೆಂಟ್ ಇದನ್ನು ಹೇಳುವುದಿಲ್ಲ. ಗಿರಾಕಿಯ ಮೆಸೇಜಿನಿಂದಲೇ ಅವರೂ ಡಬ್ಬದ ಹಿಂಬದಿ ಓದುವಂತಾದರೆ ಅದರಲ್ಲಿ ಬೇಸರಕ್ಕೆ ಏನಿದೆ?

ಈಗಾಗಲೇ ಮಾಡಿಸಿಕೊಂಡು ನೆತ್ತಿ ಸುಟ್ಟವರು ಇದನ್ನು ಓದುತ್ತಿದ್ದರೆ: ಉರಿ ಶುರುವಾದ ಕೂಡಲೇ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತಲೇ ತೊಳೆಯಬೇಕು. ಕೊಬ್ಬರಿ ಎಣ್ಣೆ, ಅರಿಶಿನ, ಪೇಸ್ಟ್ ಯಾವುದೂ ಬೇಡ. ಗುಳ್ಳೆ ಎದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದ ವೈದ್ಯರಿಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್‌ಗೆ. ಡಬ್ಬದ ಫೋಟೊ, ಬಿಲ್ಲು ಎತ್ತಿಡಿ, ವೈದ್ಯರಿಗೂ ಬೇಕು, ದೂರು ಕೊಡುವುದಾದರೆ ಗ್ರಾಹಕ ಸಹಾಯವಾಣಿ 1915ಕ್ಕೂ ಬೇಕು. ಸ್ಟ್ರೇಟ್ನಿಂಗ್ ಆದ ಒಂದೆರಡು ದಿನದಲ್ಲಿ ವಾಂತಿ, ಸೊಂಟದ ಮೇಲ್ಭಾಗದಲ್ಲಿ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಅದನ್ನು ಮದುವೆಯೂಟದ ಅಜೀರ್ಣ ಅಂದುಕೊಂಡು ಕಷಾಯ ಕುಡಿದು ಕೂರಬೇಡಿ. ಸೀದಾ ವೈದ್ಯರ ಹತ್ತಿರ ಹೋಗಿ. ಊಟದ ವಿಷಯ ಅವರೇ ಕೇಳುತ್ತಾರೆ, ತಲೆಗೆ ಏನು ಹಚ್ಚಿಸಿಕೊಂಡಿರಿ ಎಂಬುದನ್ನು ನೀವಾಗಿಯೇ ಹೇಳಬೇಕು.