ಬಿರುಕು ಮುಚ್ಚೋಕೆ ಯಾಕಿಷ್ಟು ಅವಸರ?

ಹಳೇ ಕಟ್ಟಡದ ಗೋಡೆ ಬಿರುಕು ಬಿಟ್ಟ ಕೂಡಲೇ ಸಿಮೆಂಟ್ ಮೆತ್ತೋದು ತಪ್ಪು ಅನ್ನೋದು ನಮ್ಮ ವಾದ. ಇದ್ದ ಸಾಕ್ಷಿಯನ್ನೇ ಅಳಿಸಿದ ಹಾಗಾಗುತ್ತೆ.

ಹುಬ್ಬಳ್ಳಿ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ. ಹಾಗಾಗಿ ಬಿರುಕಿನ ಎರಡೂ ಬದಿಗೆ ಸ್ಕ್ರೂ ಕೂರಿಸಿ, ಒಂದು ವರ್ಷ ಪ್ರತಿ ತಿಂಗಳು ಅಂತರ ಅಳೆಯೋಣ. ಮೇನಲ್ಲಿ 4 ಮಿ.ಮೀ. ಇದ್ದ ಬಿರುಕು ಅಕ್ಟೋಬರ್‌ಗೆ 1 ಮಿ.ಮೀ. ಆದರೆ ಅದು ಬಹುಶಃ ಮಣ್ಣಿನ ಋತುಚಕ್ರ. ಮಳೆ ಬಂದರೂ ಅಗಲ ಆಗ್ತಾನೇ ಹೋದರೆ ಪಾಯ ಕುಸೀತಿರಬಹುದು. ಪೈಪ್ ಸೋರಿ ಮಣ್ಣು ಕೊಚ್ಚಿ ಹೋಗಿರಬಹುದು. ಇಲ್ಲವೇ ಅಂತರ್ಜಲ ಇಳಿದು, ನೀರು ಹೊರುತ್ತಿದ್ದ ಭಾರವೂ ಮಣ್ಣಿನ ಕಣಗಳ ಮೇಲೇ ಬಿದ್ದಿರಬಹುದು.

ಆಗ ವರ್ಷ ಕಾಯೋದು ಬೇಡ. ಗೋಡೆ ಪಕ್ಕ ಗುಂಡಿ ತೋಡಿ ಪಾಯದ ಆಳ, ಮಣ್ಣು, ನೀರಿನ ಮಟ್ಟ ನೋಡಬೇಕು. ಸಿಮೆಂಟ್ ಆಮೇಲೆ.