ಎನ್‌ಎವಿ ಕಡಿಮಿ ಅಂದ್ರ ಸೋವಿ ಅಲ್ರೀ

"ಅದೇ ಫಂಡು, ಡೈರೆಕ್ಟ್ ಪ್ಲ್ಯಾನಿನ ಎನ್‌ಎವಿ 118 ರೂಪಾಯಿ, ರೆಗ್ಯುಲರಿಂದು 104. ಸೋವಿ ಇದ್ದದ್ದ ತಗೋಬೇಕಲ್ಲ?" ಅಂತಾರ ನಮ್ಮ ವೈನಿ. ಅಕ್ಕಿ, ಬ್ಯಾಳಿಗೆ ಈ ಲೆಕ್ಕ ಖರೇ. ಮ್ಯೂಚುವಲ್ ಫಂಡಿಗೆ ಅಲ್ಲ.

ಫಂಡಿನ ಶೇರು, ರೊಕ್ಕ ಎಲ್ಲಾ ಕೂಡಿಸಿ, ಖರ್ಚು ಕಳದು, ಯುನಿಟ್ಟಿನ ಲೆಕ್ಕಕ್ಕ ಹಂಚಿದಾಗ ಒಂದ ಯುನಿಟ್ಟಿಗೆ ಬರೋ ಬೆಲಿನ ಎನ್‌ಎವಿ. ಎರಡೂ ಪ್ಲ್ಯಾನಿನ ರೊಕ್ಕ ಒಂದೇ ಗಂಟಿನಾಗ ಇರ್ತದ, ಕೊಳ್ಳೋ ಶೇರೂ ಅವೇ. ಬ್ಯಾರೆ ಇರೋದು ಖರ್ಚು, ಅಂದ್ರ ಎಕ್ಸ್‌ಪೆನ್ಸ್ ರೇಶಿಯೋ. ರೆಗ್ಯುಲರಿನಾಗ ಏಜೆಂಟರ ಕಮಿಷನ್ ಅದರಾಗ ಸೇರಿರ್ತದ. ವರ್ಷದ ಲೆಕ್ಕದಾಗ ಹೇಳಿದ್ರೂ ದಿನಾ ಚೂರುಚೂರು ಎನ್‌ಎವಿ ಒಳಗಿಂದನ ಕಡಕೋತಾರ, ನಮ್ಮ ಕೈಗೆ ಬಿಲ್ ಬರೂದಿಲ್ಲ. 2013ರ ಜನವರಿಯಾಗ ಡೈರೆಕ್ಟ್ ಪ್ಲ್ಯಾನ್ ಬಂದ ಮ್ಯಾಲೆ ಎರಡೂ ಎನ್‌ಎವಿ ಬಾಜೂ ಬಾಜೂ ಕಾಣಸ್ತಾವ. ಆ 14 ರೂಪಾಯಿ ಫರಕ, ನಮಗ ಕೊಡದ ಬಿಲ್ಲು ಅಂತ ತಿಳೀರಿ.

ಒಂದ ಲಕ್ಷ ಇಟ್ಟು 20 ವರ್ಷ ಬಿಟ್ರಿ ಅನ್ರಿ. ಖರ್ಚು ಹೋಗಿ ಡೈರೆಕ್ಟಿನಾಗ ವರ್ಷಕ್ಕ 11 ಪರ್ಸೆಂಟ್ ಉಳೀತು, ರೆಗ್ಯುಲರಿನಾಗ 10. ಒಂದು 8.06 ಲಕ್ಷ ಆಗ್ತದ, ಇನ್ನೊಂದು 6.73 ಲಕ್ಷ. ಇಟ್ಟ ಅಸಲಿಗಿಂತ ಹೆಚ್ಚು ರೊಕ್ಕ ಬರೇ ಒಂದ ಪರ್ಸೆಂಟಿನಾಗ ಹೋತು.

ಇದನ್ನ ಕೇಳಿ ನಮ್ಮ ಬಾಜೂ ಮನಿಯಾಕಿ ಮರುದಿನಾನ ಎಲ್ಲಾ ಡೈರೆಕ್ಟಿಗೆ ಸ್ವಿಚ್ ಮಾಡ್ಲಿಕ್ಕೆ ಹೊಂಟಿದ್ಲು. ತಡೀ ಅಂದೆ. ಸ್ವಿಚ್ ಅಂದ್ರ ಹಳೇದನ್ನ ಮಾರಿ ಹೊಸಾದನ್ನ ತಗೊಂಡಂಗ. ಭಾಳಷ್ಟು ಶೇರು ಫಂಡಿನಾಗ ವರ್ಷದೊಳಗ ತಗದ್ರ 1 ಪರ್ಸೆಂಟ್ ಎಕ್ಸಿಟ್ ಲೋಡ್ ಹಿಡೀತಾರ, ಅದೂ ಬರೇ ಲಾಭದ ಮ್ಯಾಲಲ್ಲ, ತಗದ ಪೂರಾ ರೊಕ್ಕದ ಮ್ಯಾಲೆ. ಎಸ್‌ಐಪಿಯಾಗ ಒಂದೊಂದು ಕಂತಿಗೂ ಅದರದ ವರ್ಷ. ಆಕಿ ಮೂರು ವರ್ಷದಿಂದ ತಿಂಗಳಿಗೆ 5,000 ಕಟ್ಯಾಳ. ಮೊದಲಿನ 24 ಕಂತಿಗೆ ಲೋಡ್ ಇಲ್ಲ, ಕಡೀ 12 ಕಂತಿಗೆ ಅದ. ಆ 12 ಕಂತು ಈಗ 65,000 ಆಗಿದ್ರ 650 ರೂಪಾಯಿ ಹೋಗ್ತದ. ಮ್ಯಾಲೆ ಟ್ಯಾಕ್ಸ್: ವರ್ಷ ದಾಟಿದ ಶೇರು ಫಂಡಿನ ಲಾಭ ಒಂದ ಹಣಕಾಸು ವರ್ಷದಾಗ 1.25 ಲಕ್ಷ ಮೀರಿದ್ರ, ಮೀರಿದ್ದಕ್ಕ 12.5 ಪರ್ಸೆಂಟ್, ವರ್ಷದೊಳಗಿನ ಲಾಭಕ್ಕ 20.

ಆಕಿ ಮೊದಲು ರೆಗ್ಯುಲರ್ ಎಸ್‌ಐಪಿ ನಿಲ್ಲಿಸಿ, ಹೊಸಾ ಕಂತು ಡೈರೆಕ್ಟಿನಾಗ ಶುರು ಮಾಡಿದ್ಲು. ಹಳೇ ಯುನಿಟ್ ವರ್ಷ ತುಂಬಿದಂಗ ಒಂದೊಂದ ಹೊರಳಸ್ತಾಳ.

ಹಂಗಂತ ಏಜೆಂಟರೆಲ್ಲಾ ದಂಡ ಅಂತ ನಾ ಅನ್ನೂದಿಲ್ಲ. ಮಾರ್ಕೆಟ್ ಬಿದ್ದಾಗ ಮನಿಗೆ ಬಂದು "ಮಾರಬ್ಯಾಡ್ರಿ" ಅಂತ ಹೇಳಾವ್ರು, ನಾಮಿನಿ ಕಾಗದ ಓಡಾಡಿ ಮಾಡಿಸಾವ್ರು ಇದ್ರ ಆ ಒಂದ ಪರ್ಸೆಂಟ್ ಕೊಡ್ರಿ. ಸಹಿ ತಗೊಂಡು ಹೋದಾಂವ ಮತ್ತ ಮಾರಿ ತೋರಿಸಿಲ್ಲಂದ್ರ ಯಾಕ ಕೊಡಬೇಕು? ಆರು ತಿಂಗಳಿಗೊಮ್ಮೆ ಬರೋ ಸಿಎಎಸ್ ಸ್ಟೇಟ್‌ಮೆಂಟಿನಾಗ ಕಮಿಷನ್ ಎಷ್ಟು ಹೋತು ಅಂತ ರೂಪಾಯಿದಾಗ ಬರದಿರ್ತಾರ. ವೈನಿಗೂ ಅದನ್ನ ತಗದು ನೋಡ್ರಿ ಅಂದೇನಿ.